ಏಳು ಜನರ ಮನೆ, ಒಂದೇ ಫೋನ್, ಸಂಜೆ ಕರೆಂಟ್ ಇಲ್ಲ: ನೀವು ಹೇಗೆ ಓದಿದಿರಿ?

ಕೇಳಿದವರು: ಮಂಡ್ಯ ತಾಲ್ಲೂಕಿನ ವಿದ್ಯಾರ್ಥಿನಿ

ದ್ವಿತೀಯ ಪಿಯುಸಿ, ವಿಜ್ಞಾನ. ಮನೆಯಲ್ಲಿ ಏಳು ಜನ. ಇರುವುದು ನಡುಮನೆ, ಅಡುಗೆಮನೆ, ಒಂದು ಕೋಣೆ. ಸ್ಮಾರ್ಟ್‌ಫೋನ್ ಒಂದೇ, ಅಪ್ಪನದು. ಏಳು ಗಂಟೆಯ ಮೇಲೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗುವುದಿಲ್ಲ. ರಾತ್ರಿ ಫೋನ್ ಸಿಗುತ್ತದೆ ಎನ್ನುವಷ್ಟರಲ್ಲಿ ಅಪ್ಪ ಮೋಟಾರ್ ಹಾಕಲು ಗದ್ದೆಗೆ ಹೊರಡುತ್ತಾರೆ, ಫೋನೂ ಹೋಗುತ್ತದೆ. ಭೌತಶಾಸ್ತ್ರದ ವೀಡಿಯೊ ಪಾಠ ನೋಡಲು ಆಗುತ್ತಿಲ್ಲ. ಹೊಸ ಫೋನ್ ಕೊಳ್ಳುವ ಶಕ್ತಿ ಇಲ್ಲ. ಇಂಥ ಮನೆಯಲ್ಲಿ ಓದಿದವರು ಏನು ಏರ್ಪಾಡು ಮಾಡಿಕೊಂಡಿರಿ?

ಮದ್ದೂರು, ಭೌತಶಾಸ್ತ್ರ ಉಪನ್ಯಾಸಕಿ

ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಮ್ಮ. ಅಪ್ಪ ರಾತ್ರಿ ಫೋನ್ ಒಯ್ಯುವುದು ಮಾತನಾಡಲಿಕ್ಕೋ, ಬೆಳಕಿಗೋ? ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲೂ ಇದೇ ತೊಂದರೆ ಇತ್ತು. ವಿಚಾರಿಸಿದಾಗ ಅವಳ ತಂದೆ ಫೋನನ್ನು ಬದುವಿನ ಮೇಲೆ ದಾರಿ ಕಾಣಲು ಒಯ್ಯುತ್ತಿದ್ದರು ಎಂದು ಗೊತ್ತಾಯಿತು. ತಲೆಗೆ ಕಟ್ಟಿಕೊಳ್ಳುವ ಚಾರ್ಜಿನ ಟಾರ್ಚ್ ತಂದ ಮೇಲೆ ಫೋನ್ ಮನೆಯಲ್ಲೇ ಉಳಿಯಿತು. ಮೋಟಾರಿನ ಸ್ಟಾರ್ಟರ್ ಹತ್ತಿರ ಎರಡೂ ಕೈ ಬಿಡುವಾದದ್ದು ಅವರಿಗೂ ಒಳ್ಳೆಯದೇ ಆಯಿತು.

ಇನ್ನು ವೀಡಿಯೊ. ಇಡೀ ಪಾಠವನ್ನು ಫೋನಿನಲ್ಲೇ ಓದಲು ಹೊರಟರೆ ಎಷ್ಟು ಹೊತ್ತು ಸಿಕ್ಕರೂ ಸಾಲದು. ನೀನೀಗ ವೀಟ್‌ಸ್ಟನ್ ಸೇತುವೆ ಓದುತ್ತಿದ್ದೀಯ ಎಂದುಕೊಳ್ಳೋಣ. ಹಗಲು ಪುಸ್ತಕ ನೋಡಿ ಮಂಡಲದ ಚಿತ್ರ ಬರೆದುಕೋ, ನಾಲ್ಕು ರೋಧಗಳಿಗೂ ಹೆಸರಿಡು, ಪ್ರತಿ ಕವಲಿನಲ್ಲಿ ಪ್ರವಾಹದ ಬಾಣ ಹಾಕು. ಕಿರ್ಚಾಫ್ ನಿಯಮದಿಂದ ಮೊದಲ ಕುಣಿಕೆಯ ಸಮೀಕರಣ ಬರೆಯಲು ಪ್ರಯತ್ನಿಸು. ಸಾಮಾನ್ಯವಾಗಿ ಮಕ್ಕಳು ಸಿಕ್ಕಿಕೊಳ್ಳುವುದು ಒಂದೇ ಕಡೆ: ನಾವು ಸುತ್ತುವ ದಿಕ್ಕಿಗೆ ಬಾಣ ಎದುರಾಗಿದ್ದಾಗ ಆ ಪದಕ್ಕೆ ಯಾವ ಚಿಹ್ನೆ ಎನ್ನುವಲ್ಲಿ. ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಕ್ಕೆ ಹೋಗು. ಫೋನ್ ಸಿಕ್ಕಾಗ ಆ ಸಮೀಕರಣ ಬರುವ ಭಾಗವನ್ನು ಮಾತ್ರ ನೋಡು, ನಿಲ್ಲಿಸು, ನಿನ್ನ ಹಾಳೆಯಲ್ಲಿ ತಿದ್ದಿಕೋ, ಫೋನ್ ಕೊಟ್ಟುಬಿಡು. ಹತ್ತು ನಿಮಿಷದ ಕೆಲಸ. ಮರುದಿನ ಬೆಳಿಗ್ಗೆ ಹಾಳೆ ಮುಚ್ಚಿಟ್ಟು ಸಮತೋಲನದ ಷರತ್ತಿನವರೆಗೆ ಒಂದೇ ಸಲ ಬರೆದು ನೋಡು. ಮಧ್ಯೆ ನಿಂತರೆ, ನಿಂತ ಸಾಲೇ ಮುಂದಿನ ಸಲದ ಪ್ರಶ್ನೆ.

ಶ್ರೀರಂಗಪಟ್ಟಣ, ಬಿ.ಕಾಂ. ವಿದ್ಯಾರ್ಥಿ

ಇಷ್ಟೆಲ್ಲ ಬೇಕಿಲ್ಲ. ಭಾನುವಾರ ಯೂಟ್ಯೂಬಿನಲ್ಲಿ ವಾರದ ಪಾಠಗಳನ್ನೆಲ್ಲ 144p ಗೆ ಇಳಿಸಿಟ್ಟುಕೊಳ್ಳಿ. ಡೇಟಾ ಕಡಿಮೆ ಸಾಕು, ಆಮೇಲೆ ಇಂಟರ್‌ನೆಟ್ ಬೇಕಾಗುವುದೇ ಇಲ್ಲ. ನಾನು ಪಿಯುಸಿ ಮುಗಿಸಿದ್ದೇ ಹಾಗೆ.

ಮದ್ದೂರು, ಭೌತಶಾಸ್ತ್ರ ಉಪನ್ಯಾಸಕಿ

ಇಳಿಸಿಟ್ಟುಕೊಳ್ಳುವುದು ಸರಿ, ನಾನೇ ಬರೆಯಬೇಕಿತ್ತು. ಆದರೆ ಲೆಕ್ಕಶಾಸ್ತ್ರದ ಪಾಠ ಕೇಳಿಸಿಕೊಂಡರೂ ನಡೆಯುತ್ತದೆ. ಭೌತಶಾಸ್ತ್ರದಲ್ಲಿ ಅಕ್ಷರದ ಕೆಳಗಿನ 1, 2 ಕಾಣದಿದ್ದರೆ ಸಮೀಕರಣವೇ ತಪ್ಪುತ್ತದೆ, 360p ಇರಲಿ. ಇನ್ನೊಂದು, ಇಳಿಸಿದ್ದು ಶಾಶ್ವತವಾಗಿ ಉಳಿಯುವುದಿಲ್ಲ. ಆಗಾಗ ಇಂಟರ್‌ನೆಟ್‌ಗೆ ಜೋಡಿಸದಿದ್ದರೆ ಆ ವೀಡಿಯೊ ತೆರೆಯುವುದಿಲ್ಲ. ಇಳಿಸಿದ ಕೂಡಲೇ ಡೇಟಾ ಆಫ್ ಮಾಡಿ ಒಮ್ಮೆ ತೆರೆದು ನೋಡಬೇಕು. ವಾರಕ್ಕಾಗುವಷ್ಟು ಬೇಡ, ಅಂದಂದಿನದನ್ನು ಅಂದಂದೇ ಇಳಿಸಿಕೊಳ್ಳುವುದು ಮೇಲು.

ಮೈಸೂರು, ಗೃಹಿಣಿ

ನಮ್ಮ ಮನೆಯಲ್ಲಿ ತೊಂದರೆ ಬೇರೆ. ಮಗ ಓದುತ್ತೇನೆಂದು ಫೋನ್ ಹಿಡಿದರೆ ಕೆಳಗಿಡುವುದೇ ಇಲ್ಲ. ಫೋನ್ ಸಿಗದಿರುವುದೂ ಒಂದು ಪುಣ್ಯ ಮಗಳೇ. ನಮ್ಮದು ಮನೆಯಲ್ಲೇ ಊದುಬತ್ತಿ ಹೊಸೆಯುವ ಕೆಲಸ, ಪಕ್ಕದ ಮನೆಯವರೂ ಬಂದು ಕೂರುತ್ತಾರೆ, ಮಾತು ನಿಲ್ಲುವುದಿಲ್ಲ. ದೊಡ್ಡ ಮಗಳು ಎಂಟೂವರೆಗೆ ಊಟ ಮಾಡಿ ಎದುರುಮನೆ ಅಜ್ಜಿಯ ಹತ್ತಿರ ಮಲಗಿ, ನಾಲ್ಕು ಗಂಟೆಗೆ ಅಲ್ಲೇ ಎದ್ದು ಓದುತ್ತಿದ್ದಳು. ಅಜ್ಜಿಗೆ ಜೊತೆ ಸಿಕ್ಕಿತು, ಇವಳಿಗೆ ಮೌನ ಸಿಕ್ಕಿತು. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ.

ಪಾಂಡವಪುರ, ಎಲೆಕ್ಟ್ರಿಷಿಯನ್

ಬೆಳಕಿನ ಬಗ್ಗೆ ಯಾರೂ ಬರೆದಿಲ್ಲ. ಈಗ ಬಹಳ ಮನೆಗಳಲ್ಲಿ ಇನ್ವರ್ಟರ್ ಬಲ್ಬ್ ಹಾಕಿಸುತ್ತಾರೆ. ಕರೆಂಟ್ ಹೋದರೂ ತಾನಾಗಿ ಉರಿಯುವ ಎಲ್‌ಇಡಿ ಬಲ್ಬ್. ತಿಂಗಳಾಗುವುದರೊಳಗೆ "ಅರ್ಧ ಗಂಟೆಗೇ ಮಂಕಾಗುತ್ತದೆ" ಎಂದು ವಾಪಸ್ ತರುತ್ತಾರೆ. ಹೆಚ್ಚಿನ ಸಲ ಬಲ್ಬ್ ಕೆಟ್ಟಿರುವುದಿಲ್ಲ. ಸ್ವಿಚ್ ಆನ್ ಇದ್ದು ಬಲ್ಬ್ ಉರಿಯುವಾಗ ಮಾತ್ರ ಅದರೊಳಗಿನ ಬ್ಯಾಟರಿ ಚಾರ್ಜ್ ಆಗುತ್ತದೆ, ಪೂರ್ತಿ ತುಂಬಲು ಎಂಟು ಹತ್ತು ಗಂಟೆ ಬೇಕು. ಎಲ್ಲರೂ ಮಲಗುವ ನಡುಮನೆಯಲ್ಲಿ ಅಷ್ಟು ಹೊತ್ತು ಯಾರು ಉರಿಸುತ್ತಾರೆ? ಸಂಜೆ ಒಂದು ಗಂಟೆ ಉರಿದ ಬಲ್ಬಿನಲ್ಲಿ ಚಾರ್ಜ್ ಎಲ್ಲಿಂದ ಬರಬೇಕು? ಹಗಲು ಹೊತ್ತು ಅಡುಗೆಮನೆಯ ಹೋಲ್ಡರಿಗೆ ಹಾಕಿ ಉರಿಯಲು ಬಿಡಿ, ಸಂಜೆ ಓದುವ ಜಾಗದ ಹೋಲ್ಡರಿಗೆ ಬದಲಾಯಿಸಿ. ಬದಲಾಯಿಸುವಾಗ ಸ್ವಿಚ್ ಆಫ್ ಇರಲಿ. ದಿನವಿಡೀ ಉರಿದ ಮೇಲೂ ಅರ್ಧ ಗಂಟೆಗೆ ಮಂಕಾದರೆ ಬ್ಯಾಟರಿ ಮುಗಿದಿದೆ ಎಂದೇ ಅರ್ಥ.

ಮನೆಯಲ್ಲಿ ಪವರ್ ಬ್ಯಾಂಕ್ ಇದ್ದರೆ ಅದಕ್ಕಿಂತ ಸುಲಭ. 10,000 ಎಂಎಎಚ್‌ನದಕ್ಕೆ ಒಂದು ವ್ಯಾಟಿನ ಯುಎಸ್‌ಬಿ ದೀಪ ಸಿಕ್ಕಿಸಿದರೆ ಇಪ್ಪತ್ತು ಗಂಟೆಗೂ ಮೀರಿ ಉರಿಯುತ್ತದೆ. ಪುಸ್ತಕದ ಮೇಲಷ್ಟೇ ಬೀಳುವ ಬೆಳಕು, ಮಲಗಿದವರ ಕಣ್ಣಿಗೆ ಹೊಡೆಯುವುದಿಲ್ಲ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಸಣ್ಣ ದೀಪವನ್ನು ಗುರುತಿಸದೆ ತಾವೇ ಆಫ್ ಆಗುತ್ತವೆ. ಅಂಗಡಿಗೆ ಒಯ್ದು ಹಚ್ಚಿ ನೋಡಿಯೇ ದೀಪ ತನ್ನಿ.

ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟ್ ಹಗಲಿಗೋ ರಾತ್ರಿಗೋ ಎಂಬುದು ಪಾಳಿಯ ಪ್ರಕಾರ ಬದಲಾಗುತ್ತದೆ. ನಿಮ್ಮೂರಿನ ಲೈನ್‌ಮ್ಯಾನ್‌ಗೆ ಗೊತ್ತಿರುತ್ತದೆ. ಅಪ್ಪ ಯಾವ ರಾತ್ರಿಗಳಲ್ಲಿ ಮನೆಯಲ್ಲಿರುವುದಿಲ್ಲ ಎಂದು ಮೊದಲೇ ತಿಳಿದರೆ ಓದನ್ನು ಅದಕ್ಕೆ ತಕ್ಕಂತೆ ಹಾಕಿಕೊಳ್ಳಬಹುದು.

ಮಂಡ್ಯ ತಾಲ್ಲೂಕಿನ ವಿದ್ಯಾರ್ಥಿನಿ

ಅಪ್ಪನನ್ನು ಕೇಳಿದೆ ಮೇಡಂ. ಟಾರ್ಚ್ ಇದ್ದರೂ ಫೋನ್ ಬೇಕಂತೆ. ಕಬ್ಬಿನ ಗದ್ದೆಯ ಕಡೆ ಚಿರತೆ ಓಡಾಟ ಇದೆ, ಒಬ್ಬರೇ ಇರುತ್ತಾರೆ. ಅಮ್ಮನೂ ಫೋನ್ ಇಲ್ಲದೆ ಕಳಿಸುವುದಿಲ್ಲ ಎಂದರು. ಅದು ನನಗೂ ಸರಿ ಎನಿಸಿತು. ಹಳೆಯ ಕೀಪ್ಯಾಡ್ ಫೋನ್ ಒಂದು ಅಟ್ಟದಲ್ಲಿದೆ, ಚಾರ್ಜ್ ಆಗುತ್ತದೆ.

ಪಾಂಡವಪುರ, ಎಲೆಕ್ಟ್ರಿಷಿಯನ್

ಹಾಗಾದರೆ ಕೆಲಸ ಆಯಿತು ತಂಗಿ. ರಾತ್ರಿ ಪಾಳಿ ಇರುವ ದಿನ ಸಿಮ್ ಅನ್ನು ಕೀಪ್ಯಾಡ್ ಫೋನಿಗೆ ಹಾಕಿ ಅಪ್ಪನಿಗೆ ಕೊಡು, ಸ್ಮಾರ್ಟ್‌ಫೋನ್ ಮನೆಯಲ್ಲಿರಲಿ. ಸಿಮ್ ಇಲ್ಲದಿದ್ದರೂ ಇಳಿಸಿಟ್ಟ ಪಾಠ ನಡೆಯುತ್ತದೆ. ಎರಡು ವಿಷಯ ನೋಡಿಕೋ. ಈಗಿನ ಸಣ್ಣ ಸಿಮ್ ಹಳೆಯ ಫೋನಿಗೆ ಕೂರಲು ಪ್ಲಾಸ್ಟಿಕ್ ಚೌಕಟ್ಟು ಬೇಕು, ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮದು 2ಜಿ ಸೇವೆಯೇ ಇಲ್ಲದ ಕಂಪನಿಯ ಸಿಮ್ ಆದರೆ ಹಳೆಯ 2ಜಿ ಫೋನಿನಲ್ಲಿ ಸಿಗ್ನಲ್ಲೇ ಬರುವುದಿಲ್ಲ. ಮನೆಯಲ್ಲೂ ಗದ್ದೆಯಲ್ಲೂ ಹಗಲು ಹೊತ್ತಿನಲ್ಲೇ ಒಂದು ಕರೆ ಮಾಡಿ ನೋಡಿ, ಆಮೇಲಷ್ಟೇ ಅಪ್ಪನನ್ನು ಕಳಿಸಿ.

ಮೈಸೂರು, ಗೃಹಿಣಿ

ದಿನಾ ಸಿಮ್ ತೆಗೆದು ಹಾಕುವ ಬದಲು ಹಳೆಯ ಸ್ಮಾರ್ಟ್‌ಫೋನ್ ಒಂದನ್ನು ಕಡಿಮೆ ಬೆಲೆಗೆ ಕೊಳ್ಳಬಾರದೇ?

ಮಂಡ್ಯ ತಾಲ್ಲೂಕಿನ ವಿದ್ಯಾರ್ಥಿನಿ

ಈ ವರ್ಷ ಅದೂ ಆಗುವುದಿಲ್ಲ ಆಂಟಿ. ಸಿಮ್ 2ಜಿಯಲ್ಲೂ ನಡೆಯುವುದೇ, ಅಣ್ಣ. ಚೌಕಟ್ಟು ತಂದು ಹಾಕಿ ನೋಡಿದೆವು, ಗದ್ದೆಯ ಮೋಟಾರ್ ಮನೆಯ ಹತ್ತಿರ ಕರೆ ಬಂತು. ಅಪ್ಪ ಐದು ಗಂಟೆಗೆ ಕಾಫಿಗೆ ಬಂದಾಗ ಫೋನ್ ಕೊಡುತ್ತೇನೆ ಎಂದಿದ್ದಾರೆ, ಆಗ ಇಳಿಸಿಕೊಳ್ಳುತ್ತೇನೆ. ಆದರೆ ಅದೇ ಹೊತ್ತಿಗೆ ಒಂಬತ್ತನೇ ತರಗತಿಯ ತಮ್ಮನಿಗೂ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಮನೆಗೆಲಸ ನೋಡಬೇಕು. ದಿನದ ಡೇಟಾ ಇಬ್ಬರಿಗೂ ಸಾಲುತ್ತಿಲ್ಲ. ಇಬ್ಬರು ಮಕ್ಕಳು ಓದುವ ಮನೆಯಲ್ಲಿ ಇದನ್ನು ಹೇಗೆ ಹಂಚಿಕೊಂಡಿರಿ?