ಆಟ ತಡವರಿಸಿದರೆ ದೋಷ ಫೋನಿನದೋ, ನೆಟ್‌ನದೋ, ಸರ್ವರ್‌ನದೋ?

ಪ್ರಶ್ನೆ (ಬಟವಾಡಿ, ತುಮಕೂರು): "ರಾತ್ರಿ 9ರ ನಂತರ ಮೊಬೈಲ್ ಆಟ ತಡೆತಡೆದು ನಡೆಯುತ್ತದೆ. ಮನೆಯಲ್ಲಿ ವೈಫೈ ಇದೆ. ಫೋನ್ ಬದಲಿಸಬೇಕೆ, ನೆಟ್ ಬದಲಿಸಬೇಕೆ? ಅನುಭವ ಇದ್ದವರು ತಿಳಿಸಿ."

ಕೋಲಾರದಿಂದ ಒಬ್ಬರು: ಪರದೆಯ ಮೂಲೆಯಲ್ಲಿರುವ ಪಿಂಗ್ ಸಂಖ್ಯೆ ಕೆಂಪಾದರೆ ನೆಟ್‌ನ ದೋಷ, ಹಸಿರಾಗಿದ್ದರೆ ಫೋನಿನ ದೋಷ. ಬೇರೆ ಪರೀಕ್ಷೆ ಬೇಕಿಲ್ಲ.

ಚಿಂತಾಮಣಿಯಿಂದ ಒಬ್ಬರು: ನನ್ನ ಫೋನ್ ಚಾರ್ಜಿಗೆ ಹಾಕಿಕೊಂಡು ಆಡಿದರೆ ಇಪ್ಪತ್ತು ನಿಮಿಷದಲ್ಲಿ ಬೆನ್ನು ಸುಡುತ್ತದೆ, ಆಮೇಲೆ ಆಟ ಭಾರವಾಗುತ್ತದೆ. ಚಾರ್ಜರ್ ತೆಗೆದು, ಕವರ್ ಬಿಚ್ಚಿ, ಗ್ರಾಫಿಕ್ಸ್ ಇಳಿಸಿದ ಮೇಲೆ ಸರಿಹೋಯಿತು. ನಿಮ್ಮದೂ ಅದೇ ಇರಬಹುದು.

ತಿಪಟೂರಿನಿಂದ ಒಬ್ಬರು: ಕೋಲಾರದವರ ಮಾತು ಅರ್ಧ ಸರಿ. ಆ ಸಂಖ್ಯೆ ಆಟದ ಸರ್ವರ್‌ವರೆಗೆ ಹೋಗಿ ಬರಲು ಹಿಡಿದ ಒಟ್ಟು ಸಮಯವಾದ್ದರಿಂದ, ತಡವಾದದ್ದು ಮನೆಯ ಒಳಗೋ ಹೊರಗೋ ಎಂಬುದನ್ನು ಅದು ತಿಳಿಸುವುದಿಲ್ಲ.

ಮೊದಲು ಒಂದೆಡೆ ನಿಂತು, ಬೆರಳಿನಿಂದ ನೋಟವನ್ನು ನಿಧಾನವಾಗಿ ಸುತ್ತಿಸಿ. ನೋಟ ತಿರುಗುವುದು ಫೋನಿನದೇ ಕೆಲಸ, ಅದಕ್ಕೆ ನೆಟ್ ಬೇಕಿಲ್ಲ. ಗೋಡೆಯೂ ಮರವೂ ಜರ್ಕ್ ಹೊಡೆಯುತ್ತಾ ತಿರುಗಿದರೆ ಫ್ರೇಮ್ ಕಡಿಮೆಯಾಗಿದೆ, ಚಿಂತಾಮಣಿಯವರಿಗೆ ಆದದ್ದು ಇದೇ. ನೋಟ ನುಣ್ಣಗೆ ತಿರುಗಿಯೂ ಎದುರಾಳಿ ಇದ್ದಲ್ಲಿಂದ ಮಾಯವಾಗಿ ಮುಂದೆಲ್ಲೋ ಕಾಣಿಸಿದರೆ, ಅಥವಾ ಓಡಿದ ನೀವೇ ಹಿಂದಕ್ಕೆ ಎಳೆದಂತಾದರೆ, ಫೋನನ್ನು ದೂರಬೇಡಿ.

ಆಗ ಅದೇ ವೈಫೈನಲ್ಲಿರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ, ಆಟ ನಡೆಯುತ್ತಿರುವಾಗಲೇ, ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿಗಳಲ್ಲಿ ಇವುಗಳನ್ನು ಓಡಿಸಿ. ಮೊದಲ ಸಾಲಿನಲ್ಲಿ ನಿಮ್ಮ ರೂಟರ್‌ನ ವಿಳಾಸ ಹಾಕಿಕೊಳ್ಳಿ, ಎರಡನೆಯದು ಮನೆಯ ಹೊರಗಿರುವ ಗೂಗಲ್ ಸರ್ವರ್‌ನದು.

```
ping -t 192.168.1.1
ping -t 8.8.8.8
```

ನಮ್ಮ ಮನೆಯಲ್ಲಿ ರೂಟರ್‌ನ ಉತ್ತರ 3 ಮಿಲಿಸೆಕೆಂಡಿನಲ್ಲಿ ಸ್ಥಿರವಾಗಿದ್ದು, ಎರಡನೆಯದು 25ರಿಂದ ಏಕಾಏಕಿ 300ಕ್ಕೆ ಜಿಗಿಯುತ್ತಿತ್ತು. ಹುಡುಕಿದಾಗ ತಮ್ಮನ ಫೋನ್ ಆ ಹೊತ್ತಿಗೆ ಫೋಟೋಗಳನ್ನು ಬ್ಯಾಕಪ್ ಮಾಡುತ್ತಾ, ಅಪ್‌ಲೋಡ್ ದಾರಿಯನ್ನೆಲ್ಲ ತುಂಬಿಸಿಕೊಂಡಿತ್ತು. ಅದನ್ನು ನಿಲ್ಲಿಸಿದೊಡನೆ ಸಂಖ್ಯೆ ಇಳಿಯಿತು. ರೂಟರ್‌ನ ಉತ್ತರವೇ ಜಿಗಿದರೆ ತೊಂದರೆ ವೈಫೈನದ್ದು, ರೂಟರ್ ಇರುವ ಕೋಣೆಯಲ್ಲಿ ಕೂತು ಆಡಿ ನೋಡಿ. ಎರಡೂ ನೆಮ್ಮದಿಯಾಗಿದ್ದು ಆಟದೊಳಗಿನ ಸಂಖ್ಯೆ ಮಾತ್ರ ಏರಿದರೆ ಸರ್ವರ್‌ನ ಮೇಲೆ ಅನುಮಾನ ಪಡಬಹುದು.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ನೋಡಿದೆ. ನೋಟ ನುಣ್ಣಗಿತ್ತು, ರೂಟರ್ 4, ಎರಡನೆಯದು 30ರ ಆಸುಪಾಸು, ಆಟದಲ್ಲಿ ಮಾತ್ರ 180. ಅದೇ ಪಂದ್ಯದಲ್ಲಿದ್ದ ಚಿಕ್ಕಬಳ್ಳಾಪುರದ ಗೆಳೆಯನಿಗೆ, ಬೇರೆ ಕಂಪನಿಯ ಮೊಬೈಲ್ ಡೇಟಾದಲ್ಲಿದ್ದರೂ, ಅದೇ ಕ್ಷಣದಲ್ಲಿ ಎಲ್ಲರೂ ನಿಂತುಹೋದಂತೆ ಕಂಡಿತು.

ಕೋಲಾರದವರು: ಹಾಗಾದರೆ ಸರ್ವರ್‌ನದೇ, ಖಂಡಿತ.

ತಿಪಟೂರಿನವರು: ಬಹುಮಟ್ಟಿಗೆ ಹೌದು. ಆದರೆ ಇಬ್ಬರ ದಾರಿಯೂ ಸರ್ವರ್‌ಗೆ ಮುನ್ನ ಎಲ್ಲೋ ಒಂದಾಗಿ, ಅಲ್ಲೇ ದಟ್ಟಣೆ ಆಗಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. ಬೆಳಿಗ್ಗೆ 11ಕ್ಕೊಮ್ಮೆ ಇಬ್ಬರೂ ಆಡಿ ಸಂಖ್ಯೆ ಬರೆದಿಡಿ. ಅಲ್ಲಿಯವರೆಗೆ ಫೋನಿಗೂ ಹೊಸ ನೆಟ್‌ಗೂ ದುಡ್ಡು ಹಾಕಬೇಡಿ.