ಅಪ್‌ಡೇಟ್: ಮುಕ್ಕಾಲು ಗಂಟೆಗೊಮ್ಮೆ ಏಳುವ ನಾಲ್ಕು ತಿಂಗಳ ಮಗಳು

ಅವತ್ತು ಕೇಳಿದ್ದು: "ಮೂರು ತಿಂಗಳವರೆಗೆ ರಾತ್ರಿ ಚೆಂದ ಮಲಗುತ್ತಿದ್ದವಳು ಈಗ ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಳುತ್ತಾಳೆ. ಹಸಿವಾ, ಹುಷಾರಿಲ್ವಾ?"

ಎರಡೂ ಅಲ್ಲ ಮಾರಾಯ್ರೆ. ಉಡುಪಿಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ತೂಕ, ಕಿವಿ ಎಲ್ಲ ಸರಿ ಉಂಟು. ಹುಟ್ಟಿದ ಮಗುವಿಗೆ ಎರಡೇ ಬಗೆಯ ನಿದ್ದೆಯಂತೆ: ಕೈಕಾಲು ಆಡಿಸುವ ಚುರುಕು ನಿದ್ದೆ, ಅಲುಗಾಡದ ಶಾಂತ ನಿದ್ದೆ. ಮೂರು-ನಾಲ್ಕು ತಿಂಗಳಿಗೆ ಈ ಶಾಂತ ನಿದ್ದೆ ದೊಡ್ಡವರದ್ದರ ಹಾಗೆ ಹಗುರ, ಗಾಢ ಎಂದು ಹಂತಗಳಾಗುತ್ತದೆ. ಒಂದು ಸುತ್ತು ಸುಮಾರು 50 ನಿಮಿಷ, ಅದರ ಕೊನೆಗೆ ಅರೆ ಎಚ್ಚರ. ನಾವೂ ಹಾಗೆ ಏಳುತ್ತೇವಂತೆ, ಮಗ್ಗುಲು ಬದಲಿಸಿ ಮರೆತುಬಿಡುತ್ತೇವೆ! ಇವಳು ಜೋಲಿಯಲ್ಲಿ ತೂಗಿಸಿಕೊಂಡು ನಿದ್ದೆ ಹೋದವಳು. ಕಣ್ಣು ಬಿಟ್ಟರೆ ತೂಗಾಟ ಇಲ್ಲ, ಅದಕ್ಕೇ ಅಳು.

ಇಲ್ಲಿ ಒಬ್ಬರು ಅಕ್ಕ ಹೇಳಿದ್ದೇ ಫಲ ಕೊಟ್ಟಿತು. ಕಣ್ಣು ಎಳೆಯುವಾಗಲೇ, ನಿದ್ದೆ ಪೂರ್ತಿ ಹತ್ತುವ ಮೊದಲು, ಚಪ್ಪಟೆ ಹಾಸಿಗೆಯಲ್ಲಿ ಅಂಗಾತ ಮಲಗಿಸುವುದು. ಕುಂಯ್ ಎಂದ ಕೂಡಲೇ ಎತ್ತದೆ ಒಂದೆರಡು ನಿಮಿಷ ಕಾಯುವುದು. ಮೊದಲ ನಾಲ್ಕು ರಾತ್ರಿ ನನಗೇ ಅಳು ಬಂತು. ಐದನೆಯ ರಾತ್ರಿ ಒಮ್ಮೆ ತಾನೇ ಬೆರಳು ಚೀಪಿ ಮಲಗಿದಳು. ಈಗ ರಾತ್ರಿಗೆ ಎರಡೇ ಸಲ ಏಳುತ್ತಾಳೆ, ಅದೂ ಹಾಲಿಗೆ.

ಹಗಲು ನಿದ್ದೆ ತಪ್ಪಿಸಿದ್ದು ಉಲ್ಟಾ ಹೊಡೆಯಿತು, ಸಂಜೆಗೆ ಹಠವೇ ಹಠ. ಅತ್ತೆ ಹೇಳಿದ ರಾಗಿ ಮಣ್ಣಿಗೆ ಡಾಕ್ಟರ್ ಸುತರಾಂ ಬೇಡ ಎಂದರು, ಆರು ತಿಂಗಳಾಗಲಿ ಅಂತ. ಅತ್ತೆ ಇನ್ನೂ ಒಪ್ಪಿಲ್ಲ.