ಬಸ್ ಬಂದ ಕೂಡಲೇ ಹೋರ್ಡಿಂಗ್ ಜಾರುತ್ತಿದೆ

ಹಾಸನದ ಸದಸ್ಯ: ಮೇಡಂ, 6 ಸೆಕೆಂಡಿನ ಶಾಟ್, 25 ಫ್ರೇಮ್‌ನಲ್ಲಿ ತೆಗೆದದ್ದು. ಕ್ಯಾಮೆರಾ ಕೈಯಲ್ಲೇ ಇತ್ತು. ರಸ್ತೆಯಾಚೆ ಇರುವ ಫ್ಲೆಕ್ಸ್ ಹೋರ್ಡಿಂಗನ್ನು ಖಾಲಿ ಬೋರ್ಡ್ ಮಾಡಬೇಕು. ಫ್ಯೂಷನ್‌ನಲ್ಲಿ Planar Tracker ಹಾಕಿದೆ. 80 ಫ್ರೇಮ್‌ವರೆಗೆ ಸರಿ ಇದೆ. ಆಮೇಲೆ ಬಸ್ ಬಂದು ಕೆಳಗಿನ ಎರಡು ಮೂಲೆ ಮುಚ್ಚುತ್ತದೆ, ನನ್ನ ಬೋರ್ಡೂ ಬಸ್ ಜೊತೆ ಎಡಕ್ಕೆ ಹೋಗುತ್ತದೆ. ಗಾಳಿಗೆ ಫ್ಲೆಕ್ಸ್ ಬೇರೆ ಪಟಪಟ ಅನ್ನುತ್ತಿದೆ.

ಕಂಪೊಸಿಟರ್: ಬಸ್ಸಿಗಿಂತ ನನಗೆ ಆ ಗಾಳಿಯದೇ ಚಿಂತೆ. ಪ್ಲೇನಾರ್ ಟ್ರ್ಯಾಕರ್ ನೀವು ತೋರಿಸಿದ ಜಾಗ ಹಲಗೆಯ ಹಾಗೆ ಚಪ್ಪಟೆ ಇದೆ ಅಂತಲೇ ನಂಬುತ್ತದೆ. ಫ್ಲೆಕ್ಸ್ ಉಬ್ಬಿ ತಗ್ಗಿದರೆ ಮೇಲಿನ ಅಕ್ಷರಗಳೂ ಜರುಗುತ್ತವೆ. ಹೋರ್ಡಿಂಗೇ ವಾಲಿತು ಅಂತ ಅದು ಲೆಕ್ಕ ಹಾಕುತ್ತದೆ. ಅಲುಗದೆ ನಿಂತಿರುವುದು ಕಬ್ಬಿಣದ ಚೌಕಟ್ಟು ಮಾತ್ರ. ಟ್ರ್ಯಾಕ್ ಮಾಡಬೇಕಾದ್ದು ಅದನ್ನು.

ಚೌಕಟ್ಟಿನ ಹೊರ ಅಂಚಿನವರೆಗೆ ಪ್ಯಾಟರ್ನ್ ಬರೆಯಿರಿ. ಕೆಳಗೆ ಏಜೆನ್ಸಿ ಹೆಸರಿನ ಸಣ್ಣ ಪಟ್ಟಿ ಇದ್ದರೆ ಅದನ್ನೂ ಸೇರಿಸಿ, ಅದು ಅದೇ ಮಟ್ಟದಲ್ಲಿರುತ್ತದೆ. ಹಿಂದಿನ ಕಟ್ಟಡ ಒಳಗೆ ಬರಬಾರದು. ಆಮೇಲೆ ಒಂದು ಪಾಲಿಗನ್‌ನಿಂದ ಒಳಗಿನ ಫ್ಲೆಕ್ಸ್ ಮುಚ್ಚಿ, ಇನ್ನೊಂದರಿಂದ ಬಸ್ ಮುಚ್ಚಿ. ಎರಡನ್ನೂ ಸೇರಿಸಿ Occlusion Mask ಇನ್‌ಪುಟ್‌ಗೆ ಕೊಡಿ. ಮುಚ್ಚಿದ ಜಾಗವನ್ನು ಟ್ರ್ಯಾಕರ್ ನೋಡುವುದಿಲ್ಲ. ಈ ಮಾಸ್ಕ್ ಒರಟಾಗಿದ್ದರೂ ನಡೆಯುತ್ತದೆ. ಬಸ್ಸಿನ ಸುತ್ತ ಸ್ವಲ್ಪ ಧಾರಾಳವಾಗಿಯೇ ಇರಲಿ, ಐದಾರು ಫ್ರೇಮಿಗೊಮ್ಮೆ ಸರಿಸಿದರೆ ಸಾಕು.

ಪೂರ್ತಿ ಹೋರ್ಡಿಂಗ್ ಕಾಣುವ ಫ್ರೇಮ್, 40ನೆಯದು ಅಂದುಕೊಳ್ಳಿ, ಅಲ್ಲಿ Reference Time ಸೆಟ್ ಮಾಡಿ. Motion Type ಅನ್ನು Perspective ಇಡಿ. ಅಲ್ಲಿಂದ ಕೊನೆಯವರೆಗೆ, ಮತ್ತೆ ಅಲ್ಲಿಂದ ಮೊದಲಿನವರೆಗೆ ಟ್ರ್ಯಾಕ್ ಮಾಡಿ. ಬೋರ್ಡ್ ಅಂಟಿಸುವ ಮೊದಲು Operation Mode ಅನ್ನು Steady ಮಾಡಿ ಪ್ಲೇ ಮಾಡಿ. ಚೌಕಟ್ಟು ನಿಂತಲ್ಲೇ ನಿಂತು ರಸ್ತೆಯೆಲ್ಲ ತೂಗಾಡಬೇಕು. ಯಾವ ಮೂಲೆ ತೆವಳುತ್ತದೋ ಅಲ್ಲಿ ಟ್ರ್ಯಾಕ್ ತಪ್ಪಿದೆ.

ಮೈಸೂರಿನ ಎಡಿಟರ್: ಇಷ್ಟೆಲ್ಲ ಯಾಕೆ? ನಾಲ್ಕು ಮೂಲೆಗೆ ನಾಲ್ಕು ಪಾಯಿಂಟ್ ಟ್ರ್ಯಾಕರ್ ಹಾಕಿ ಕಾರ್ನರ್ ಪಿನ್ ಮಾಡಿದರೆ ಆಯ್ತು ಅಲ್ವಾ?

ಕಂಪೊಸಿಟರ್: ನಾಲ್ಕೂ ಮೂಲೆ ಕೊನೆವರೆಗೆ ಕಾಣುತ್ತಿದ್ದರೆ ಆಗುತ್ತದೆ. ಇಲ್ಲಿ ಎರಡು ಬಸ್ಸಿನ ಹಿಂದೆ ಹೋಗುತ್ತವೆ. ಅವರು ಬರೆದಿದ್ದಾರೆ, ಓದಿ.

ದಾವಣಗೆರೆಯ ಸದಸ್ಯ: ನನ್ನದು ಎಲ್‌ಇಡಿ ಹೋರ್ಡಿಂಗ್. ಜಾಹೀರಾತು ಬದಲಾದಾಗೆಲ್ಲ ಟ್ರ್ಯಾಕ್ ಹಾರುತ್ತದೆ.

ಕಂಪೊಸಿಟರ್: ಒಳಗಿನದನ್ನು ಮುಚ್ಚಿ, ಚೌಕಟ್ಟು ಟ್ರ್ಯಾಕ್ ಮಾಡಿ. ಮೇಲೆ ಬರೆದದ್ದೇ.

ಹುಬ್ಬಳ್ಳಿಯ ಸದಸ್ಯ: ಒಂದು ಫಾರ್ವರ್ಡ್ ಬಂದಿತ್ತು ನೋಡ್ರಿ. ಹೋರ್ಡಿಂಗ್ ಮೇಲೆ ಬ್ಲರ್ ಹಾಕಿ 10 ಫ್ರೇಮಿಗೊಮ್ಮೆ ಕೈಯಿಂದ ಸರಿಸಿದರೆ ಸಾಕಂತ. ಟ್ರ್ಯಾಕಿಂಗೇ ಬೇಡಂತ.

ಕಂಪೊಸಿಟರ್: ದಯವಿಟ್ಟು ಅದನ್ನು ಇಲ್ಲಿ ಹಂಚಬೇಡಿ. ಕೈ ನಡುಗುವ ಶಾಟ್‌ನಲ್ಲಿ ಪ್ರತಿ ಫ್ರೇಮಿನ ನಡುಕವೂ ಬೇರೆ. ಮಧ್ಯದ ಒಂಬತ್ತು ಫ್ರೇಮ್‌ನಲ್ಲಿ ಬ್ಲರ್ ನೇರ ಹೋಗುತ್ತದೆ, ಹೋರ್ಡಿಂಗ್ ಕುಣಿಯುತ್ತದೆ. ಈ ತಿಂಗಳು ಇಂಥದ್ದೇ ಎರಡು ಶಾಟ್ ನಾನು ಮೊದಲಿನಿಂದ ಮಾಡಬೇಕಾಯಿತು.

ಮೈಸೂರಿನ ಎಡಿಟರ್: ಬ್ಲರ್ ಇದ್ದರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಬಿಳಿ ಬೋರ್ಡೇ ವಾಸಿ.

ಬೆಂಗಳೂರಿನ ಕಲಾ ಸಹಾಯಕಿ: ಬಿಳಿ ಯಾಕೆ ಸರ್? 2018ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಇಲ್ಲಿ ಫ್ಲೆಕ್ಸ್ ತೆಗೆಸಿದ್ದರು. ಉಳಿದದ್ದು ಬರೀ ಕಂಬಿ, ಹಿಂದೆ ಆಕಾಶ. ಖಾಲಿ ಹೋರ್ಡಿಂಗ್ ಅಂದ್ರೆ ನಮ್ಮ ಕಣ್ಣಿಗೆ ಅದು.

ಮೈಸೂರಿನ ಎಡಿಟರ್: ಆಕಾಶ ತುಂಬಿ, ಕಂಬಿ ಕೂರಿಸೋಕೆ ಯಾರ ಹತ್ತಿರ ಟೈಮ್ ಇದೆ? ಕ್ಲೈಂಟ್ ದುಡ್ಡು ಕೊಡ್ತಾರಾ?

ಬೆಂಗಳೂರಿನ ಕಲಾ ಸಹಾಯಕಿ: ಟೈಮ್ ಇಲ್ಲ ಅಂದ್ರೆ ಹಾಗನ್ನಿ. ವಾಸಿ ಅನ್ನಬೇಡಿ.

ತುಮಕೂರಿನ ಸದಸ್ಯ: ಇದನ್ನ ಫೋನಲ್ಲೇ ಮಾಡಬಹುದಾ?

ಕಂಪೊಸಿಟರ್: ಜಗಳ ಬೇರೆ ಕಡೆ ಆಡಿ. ಬೋರ್ಡ್ ಯಾವುದೇ ಇರಲಿ, ಅಚ್ಚ ಬಿಳಿ ಮಾತ್ರ ಬೇಡ. ಅದೇ ಶಾಟ್‌ನಲ್ಲಿ ಅದೇ ಬಿಸಿಲು ಬಿದ್ದಿರುವ ಸುಣ್ಣದ ಗೋಡೆ ಹುಡುಕಿ, ಅದರ ಬಣ್ಣ ಎತ್ತಿಕೊಳ್ಳಿ. ಅದು ಬೂದು, ಸ್ವಲ್ಪ ಹಳದಿ ಇರುತ್ತದೆ. ಶಾಟ್‌ನ ಗ್ರೇನ್ ಮೇಲೆ ಹಾಕಿ. ಬಸ್ಸನ್ನು ಬೋರ್ಡಿನ ಮುಂದೆ ತರಲು ಬೇರೆಯೇ ರೋಟೋ ಬೇಕು, ಆ ಒರಟು ಮಾಸ್ಕ್ ಇಲ್ಲಿ ನಡೆಯುವುದಿಲ್ಲ. ಓಡುವ ಬಸ್ಸಿನ ಅಂಚು ಮಸುಕಾಗಿರುತ್ತದೆ, ರೋಟೋ ಅಂಚೂ ಅಷ್ಟೇ ಮಸುಕಾಗಿರಲಿ.

ಇನ್ನೊಬ್ಬ ಸದಸ್ಯ: ಮೇಡಂ, ಬಸ್ ಬಂದಾಗ ಟ್ರ್ಯಾಕ್ ಹೋದ್ರೆ ಏನು ಮಾಡೋದು?

ಕಂಪೊಸಿಟರ್: ಮೇಲೆ ಇದೆ.

ಹಾಸನದ ಸದಸ್ಯ: ಮಾಡಿದೆ ಮೇಡಂ. ಜಾರುವುದು ನಿಂತಿತು. ಆದರೆ Steady ಮಾಡಿ ನೋಡಿದರೆ 110ರ ನಂತರ ಬಲ ಮೇಲಿನ ಮೂಲೆ ಸ್ವಲ್ಪ ಮೇಲೇಳುತ್ತದೆ.

ಕಂಪೊಸಿಟರ್: ಆ ಮೂಲೆ ಆಗ ಚಿತ್ರದ ಅಂಚಿನ ಹತ್ತಿರ ಬರುತ್ತದೆಯಾ? ವೈಡ್ ಲೆನ್ಸ್ ಆದರೆ ಅಂಚಿನಲ್ಲಿ ನೇರ ಗೆರೆ ಬಾಗುತ್ತದೆ, ಅಲ್ಲಿ ಚೌಕಟ್ಟೇ ಚಪ್ಪಟೆ ಕಾಣುವುದಿಲ್ಲ. ಇಲ್ಲವೇ ಅಲ್ಲಿ ಕೊಂಬೆ ಅಡ್ಡ ಬಂದಿರಬಹುದು. 105ರಿಂದ 120ರ ತುಣುಕು ಹಾಕಿ, ಯಾವ ಲೆನ್ಸ್ ಅಂತಲೂ ಬರೆಯಿರಿ.